ಎರಡನೆಯದು ಸೇರಿದಾಗ ಮೊದಲನೆಯದು ಬದಲಾಗುತ್ತದೆ

1856ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಊರಿನಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ವಾರ್ಷಿಕ ಸಭೆ ಸೇರಿತ್ತು. ಅಲ್ಲಿ ವೈಲ್ಡ್‌ಮನ್ ವೈಟ್‌ಹೌಸ್ ಎಂಬಾತ ಒಂದು ಪ್ರಬಂಧ ಓದಿದ. ವೃತ್ತಿಯಿಂದ ಬ್ರೈಟನ್ನಿನ ಶಸ್ತ್ರವೈದ್ಯ, ಆಸಕ್ತಿಯಿಂದ ಟೆಲಿಗ್ರಾಫ್ ಪ್ರಯೋಗಗಾರ. ಗ್ಲಾಸ್ಗೋದ ಪ್ರೊಫೆಸರ್ ವಿಲಿಯಂ ಥಾಮ್ಸನ್ ಹೇಳುವ 'ವರ್ಗದ ನಿಯಮ' ಸಮುದ್ರದ ತಂತಿಗೆ ಅನ್ವಯಿಸುತ್ತದೆಯೋ ಇಲ್ಲವೋ ಎಂಬುದು ಅವನ ಪ್ರಶ್ನೆ. ಇಲ್ಲ ಎಂಬುದೇ ಅವನ ಉತ್ತರ.

ಥಾಮ್ಸನ್ ಹೇಳಿದ್ದು ಇಷ್ಟು: ನೀರಿನಡಿಯ ತಂತಿಯ ಉದ್ದ ದುಪ್ಪಟ್ಟಾದರೆ ಸಂದೇಶದ ತಡ ದುಪ್ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಉದ್ದ ಹತ್ತು ಪಟ್ಟಾದರೆ ತಡ ನೂರು ಪಟ್ಟು. ಐರ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡಿಗೆ ತಂತಿ ಎಳೆಯಲು ಹಣ ಕೂಡಿಸುತ್ತಿದ್ದವರಿಗೆ ಇದು ಕೇಳಲು ಇಷ್ಟವಾಗುವ ಮಾತಾಗಿರಲಿಲ್ಲ. ತಾನು ಅಳೆದು ನೋಡಿದ್ದೇನೆ, ತಡ ಹೆಚ್ಚುಕಡಿಮೆ ಉದ್ದದ ಜೊತೆಗೇ ಬೆಳೆಯುತ್ತದೆ ಎಂದ ವೈಟ್‌ಹೌಸ್. ಸಾಮಾನ್ಯ ಬುದ್ಧಿಗೂ ಅದೇ ಸರಿ ಅನ್ನಿಸುತ್ತದೆ. ಒಂದು ಮೈಲಿ ದಾಟಲು ಇಷ್ಟು ಹೊತ್ತು ಹಿಡಿದರೆ ನೂರು ಮೈಲಿಗೆ ಅದರ ನೂರರಷ್ಟು ತಾನೆ?

ಎಲೆಕ್ಟ್ರಾನಿಕ್ಸ್ ಕೈಪಿಡಿಗಳನ್ನು ಅನುವಾದಿಸುವಾಗ 'ಲೋಡಿಂಗ್' ಎಂಬ ಪದಕ್ಕೆ ನಾನು 'ಹೊರೆ' ಎಂದು ಬರೆದು ಮುಂದೆ ಹೋಗುತ್ತಿದ್ದೆ. ಯಾರ ಹೊರೆ, ಯಾರ ಮೇಲೆ ಎಂದು ಕೇಳಿಕೊಂಡಿರಲಿಲ್ಲ. ಈ ಹಳೆಯ ಜಗಳ ಓದಿದ ಮೇಲೆ ಆ ಪದ ನನಗೆ ಬಿಡಿಸಿಕೊಂಡಿತು.

ಮೊದಲು ತಂತಿಯ ವಿಷಯ. ಸಮುದ್ರದ ತಂತಿಯೆಂದರೆ ನಡುವೆ ತಾಮ್ರ, ಅದರ ಸುತ್ತ ಗಟ್ಟಾ ಪರ್ಚಾ ಎಂಬ ಮರದ ಹಾಲಿನ ಹೊದಿಕೆ, ಅದರಾಚೆ ಉಪ್ಪುನೀರು. ಎರಡು ವಾಹಕಗಳು, ನಡುವೆ ಒಂದು ಅವಾಹಕ. ಅಂದರೆ ಇಡೀ ತಂತಿಯೇ ಒಂದು ಉದ್ದನೆಯ ಕೆಪಾಸಿಟರ್. 1854ರಲ್ಲಿ ಮೈಕೇಲ್ ಫ್ಯಾರಡೆ ಇದನ್ನು ವಿವರಿಸಿದ್ದ. ತಾಮ್ರಕ್ಕೆ ತನ್ನದೇ ರೋಧವೂ ಇದೆ. ಹಾಗಾಗಿ ಪ್ರತಿ ಮೈಲಿಯೂ ಒಂದು ರೆಸಿಸ್ಟರ್, ಅದರ ತುದಿಯಿಂದ ನೆಲಕ್ಕೆ ಒಂದು ಕೆಪಾಸಿಟರ್ ಇದ್ದಂತೆ. ಇಂದಿನ ವಿದ್ಯಾರ್ಥಿ ಇದನ್ನು ಲೋ-ಪಾಸ್ ಫಿಲ್ಟರ್ ಎನ್ನುತ್ತಾನೆ: ನಿಧಾನದ ಏರಿಳಿತವನ್ನು ಬಿಡುತ್ತದೆ, ಬೇಗಬೇಗನೆ ಆಗುವುದನ್ನು ಅಳಿಸುತ್ತದೆ. ಅಂಥವು ಎರಡು ಸಾವಿರ ಒಂದರ ಬೆನ್ನಿಗೆ ಒಂದು ನಿಂತರೆ ಅದೇ ಅಟ್ಲಾಂಟಿಕ್ ತಂತಿ.

ಜಗಳದ ತಿರುಳು ತಿಳಿಯಲು ಎರಡು ಸಾವಿರ ಬೇಡ, ಎರಡು ಸಾಕು. ಮೇಜಿನ ಮೇಲೆ 10 ಕಿಲೋಓಮ್ ರೆಸಿಸ್ಟರ್, 10 ನ್ಯಾನೋಫ್ಯಾರಡ್ ಕೆಪಾಸಿಟರ್ ಇಡಿ. ಇದರ ಕಟಾಫ್ ಆವರ್ತನ 1592 ಹರ್ಟ್ಜ್. ಆ ಆವರ್ತನದ 1 ವೋಲ್ಟ್ ಕೊಟ್ಟರೆ 0.707 ವೋಲ್ಟ್ ಹೊರಬರುತ್ತದೆ. ಇಂಥದೇ ಇನ್ನೊಂದನ್ನು ಅದರ ಮುಂದೆ ಜೋಡಿಸಿ. ಒಂದು 0.707 ಮಾಡಿದರೆ ಎರಡು 0.707ರ 0.707, ಅಂದರೆ 0.5 ಮಾಡಬೇಕು. ಅಳೆದರೆ ಸಿಗುವುದು 0.333.

ತಪ್ಪು ಎಲ್ಲಿದೆ? ಮೀಟರನ್ನು ಎರಡರ ನಡುವಿನ ಬಿಂದುವಿಗೆ ಹಿಡಿದು ನೋಡಬೇಕು. ಎರಡನೆಯದನ್ನು ಬಿಚ್ಚಿದಾಗ ಅಲ್ಲಿ 0.707 ಇರುತ್ತದೆ. ಜೋಡಿಸಿದ ಕೂಡಲೇ 0.471ಕ್ಕೆ ಕುಸಿಯುತ್ತದೆ. ಎರಡನೆಯ ವಿಭಾಗ ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿದೆ: 0.471ರ 0.707 ಎಂದರೆ 0.333. ಬದಲಾಗಿದ್ದು ಮೊದಲನೆಯದು. 'ಊರು' ಪದಕ್ಕೆ 'ಅಲ್ಲಿ' ಸೇರಿದಾಗ 'ಊರಲ್ಲಿ' ಆಗುತ್ತದಲ್ಲ, ಹಾಗೆ. ಉಕಾರ ಹೋದದ್ದು ಮೊದಲ ಪದದ್ದು, ಹೋಗುವಂತೆ ಮಾಡಿದ್ದು ಮುಂದಿನದು.

ಎರಡು ಮಡಕೆಗಳನ್ನು ಕಲ್ಪಿಸಿಕೊಳ್ಳಿ. ನಲ್ಲಿಯಿಂದ ಮೊದಲ ಮಡಕೆಗೆ ಒಂದು ಸಣ್ಣ ಕೊಳವೆ. ಮೊದಲ ಮಡಕೆಯ ತಳದಿಂದ ಎರಡನೆಯದರ ತಳಕ್ಕೆ ಇನ್ನೊಂದು. ಎರಡನೆಯ ಮಡಕೆ ತುಂಬಬೇಕಾದರೆ ಅದರ ನೀರು ಮೊದಲನೆಯದರಿಂದಲೇ ಬರಬೇಕು. ಹೀಗಾಗಿ ಮೊದಲನೆಯದರ ಮಟ್ಟ ಒಂಟಿಯಾಗಿದ್ದಾಗ ಏರುತ್ತಿದ್ದಷ್ಟು ಬೇಗ ಏರುವುದಿಲ್ಲ. 'ಒಂದೊಂದರ ಉತ್ತರವನ್ನು ಗುಣಿಸು' ಎಂಬ ಲೆಕ್ಕ ಹಿಡಿಯಬೇಕಾದರೆ ಎರಡನೆಯ ಮಡಕೆಗೆ ಬೇರೆಯದೇ ನಲ್ಲಿ ಇರಬೇಕು. ಮೊದಲ ಮಡಕೆಯ ಮಟ್ಟವನ್ನು ಒಬ್ಬರು ಮುಟ್ಟದೆ ನೋಡುತ್ತ, ಅದೇ ಒತ್ತಡದಲ್ಲಿ ಆ ನಲ್ಲಿಯನ್ನು ಬಿಡುತ್ತಿರಬೇಕು.

ಈಗ ತಡವನ್ನು ಎಣಿಸೋಣ. ಒಂದು ರೆಸಿಸ್ಟರು ಒಂದು ಕೆಪಾಸಿಟರನ್ನು ತುಂಬಲು ಬೇಕಾದ ಕಾಲವನ್ನು ಒಂದು ಪಾಲು ಎಂದುಕೊಳ್ಳಿ. ಎರಡು ವಿಭಾಗಗಳಿದ್ದಾಗ ಮೊದಲ ರೆಸಿಸ್ಟರಿನ ಮೂಲಕ ಎರಡೂ ಕೆಪಾಸಿಟರುಗಳ ವಿದ್ಯುತ್ತು ಹಾಯಬೇಕು, ಅದಕ್ಕೆ ಎರಡು ಪಾಲು. ಎರಡನೆಯದರ ಮೂಲಕ ಒಂದರದ್ದು ಮಾತ್ರ, ಒಂದು ಪಾಲು. ಒಟ್ಟು ಮೂರು. ಪರಸ್ಪರ ಮುಟ್ಟದೆ ಇದ್ದಿದ್ದರೆ ಎರಡೇ. ಹತ್ತು ವಿಭಾಗಗಳಿದ್ದರೆ ಮೊದಲ ರೆಸಿಸ್ಟರಿಗೆ ಹತ್ತು ಪಾಲು, ಮುಂದಿನದಕ್ಕೆ ಒಂಬತ್ತು, ಹೀಗೆ ಇಳಿದು ಕೊನೆಯದಕ್ಕೆ ಒಂದು. ಕೂಡಿದರೆ 55. ಇಪ್ಪತ್ತು ವಿಭಾಗಗಳಿಗೆ 210. ಉದ್ದ ದುಪ್ಪಟ್ಟು, ತಡ ಹೆಚ್ಚುಕಡಿಮೆ ನಾಲ್ಕು ಪಟ್ಟು. ವಿಭಾಗಗಳು ಹೆಚ್ಚಿದಷ್ಟೂ ಅದು ಸರಿಯಾಗಿ ನಾಲ್ಕರ ಹತ್ತಿರ ಹೋಗುತ್ತದೆ. ವರ್ಗದ ನಿಯಮ ಎಂದರೆ ಇದೇ. ಒಂದನ್ನೊಂದು ಮುಟ್ಟದ ವಿಭಾಗಗಳಾದರೆ ಹತ್ತಕ್ಕೆ 10, ಇಪ್ಪತ್ತಕ್ಕೆ 20. ಅದು ವೈಟ್‌ಹೌಸನ ಗೆರೆ.

ಈ ರೀತಿ ಕೂಡುವ ಲೆಕ್ಕ ಇಂದು ಎಲ್ಮೋರ್ ಹೆಸರಿನಲ್ಲಿದೆ. ಅವನ ಲೇಖನ ಬಂದದ್ದು 1948ರಲ್ಲಿ, ಅದೂ ಆಂಪ್ಲಿಫೈಯರುಗಳ ಬಗ್ಗೆ. ಚಿಪ್ಪಿನೊಳಗಿನ ತೆಳು ತಂತಿಗಳ ತಡ ಅಂದಾಜಿಸಲು ಅದು ಈಗಲೂ ಬಳಕೆಯಲ್ಲಿದೆ. ಥಾಮ್ಸನ್ ವಿಭಾಗ ಎಣಿಸಿದವನಲ್ಲ. 1854ರ ಕೊನೆಯಲ್ಲಿ ಸ್ಟೋಕ್ಸ್ ಜೊತೆಗಿನ ಪತ್ರವ್ಯವಹಾರದಲ್ಲಿ ಅವನು ನೇರವಾಗಿ ಫೂರಿಯೇಯ ಶಾಖದ ಸಮೀಕರಣವನ್ನೇ ತಂತಿಗೆ ಹಾಕಿದ್ದ. ಕಬ್ಬಿಣದ ಸರಳಿನ ಒಂದು ತುದಿ ಕಾಯಿಸಿದರೆ ಶಾಖ ಹರಡುವಂತೆ ವಿದ್ಯುತ್ತೂ ತಂತಿಯಲ್ಲಿ ಹರಡುತ್ತದೆ ಎಂಬುದು ಅವನ ಚಿತ್ರ. ಅಲ್ಲಿ ಪ್ರತಿ ಬಿಂದುವೂ ಪಕ್ಕದ್ದನ್ನು ಕಾಯಿಸುತ್ತ ತಾನು ತಣ್ಣಗಾಗುತ್ತದೆ. ಹೊರೆ ಸಮೀಕರಣದ ಒಳಗೇ ಕೂತಿದೆ, ಬೇರೆಯಾಗಿ ಸೇರಿಸಬೇಕಿಲ್ಲ.

ಹಾಗಾದರೆ ವೈಟ್‌ಹೌಸ್ ಸುಳ್ಳು ಹೇಳಿದನೆ? ನನಗೆ ಹಾಗನ್ನಿಸುವುದಿಲ್ಲ. ಇಂಥ ತಂತಿಯಲ್ಲಿ ಸಂದೇಶ 'ತಲುಪುವ' ಒಂದು ಖಚಿತ ಕ್ಷಣವಿಲ್ಲ. ದೂರದ ತುದಿಯಲ್ಲಿ ಮೊದಲು ಏನೂ ಕಾಣದು, ಆಮೇಲೆ ಒಂದಿಷ್ಟೇ ಏರುತ್ತದೆ, ಬಹಳ ಹೊತ್ತಿನ ಮೇಲೆ ತುಂಬುತ್ತದೆ. ಈ ಏರಿನ ಯಾವ ಹಂತದಲ್ಲಿ ಉಪಕರಣ 'ಬಂತು' ಎನ್ನುತ್ತದೆ ಎಂಬುದು ಉಪಕರಣದ ಸೂಕ್ಷ್ಮತೆ, ಬ್ಯಾಟರಿಯ ಬಲ, ಎಷ್ಟು ಹೊತ್ತು ಒತ್ತಿದಿರಿ ಎಂಬುದರ ಮೇಲೆ ನಿಂತಿದೆ. ಥಾಮ್ಸನ್ ಆ ವರ್ಷವೇ ಅಥೀನಿಯಂ ಪತ್ರಿಕೆಯಲ್ಲಿ ಉತ್ತರ ಕೊಟ್ಟ. ನಿಯಮವನ್ನು ಪರೀಕ್ಷಿಸಬೇಕಾದರೆ ಬೇರೆ ಬೇರೆ ಉದ್ದಗಳಲ್ಲಿ ಏರಿನ ಒಂದೇ ಹಂತವನ್ನು ಹೋಲಿಸಬೇಕು.

1858ರ ಆಗಸ್ಟ್ 5ರಂದು ತಂತಿ ಎರಡು ದಡ ಮುಟ್ಟಿತು. ಅದರಲ್ಲಿ ನಾಟಿಕಲ್ ಮೈಲಿಗೆ 107 ಪೌಂಡ್ ತಾಮ್ರ, 261 ಪೌಂಡ್ ಗಟ್ಟಾ ಪರ್ಚಾ. ವಿಕ್ಟೋರಿಯಾ ರಾಣಿ ಅಧ್ಯಕ್ಷ ಬ್ಯೂಕಾನನ್ನಿಗೆ ಕಳಿಸಿದ 98 ಪದಗಳ ಸಂದೇಶ ದಾಟಲು ಸುಮಾರು 16 ಗಂಟೆ ಹಿಡಿಯಿತು. ಈ ಎಲ್ಲ ತಡವನ್ನೂ ವರ್ಗದ ನಿಯಮದ ತಲೆಗೆ ಕಟ್ಟುವುದು ತಪ್ಪು. ತಂತಿಯ ಹೊದಿಕೆ ಆಗಲೇ ಕೆಟ್ಟಿತ್ತು, ಮತ್ತೆ ಮತ್ತೆ ಕಳಿಸಬೇಕಾಗುತ್ತಿತ್ತು. ನಿಧಾನವನ್ನು ಬಲದಿಂದ ಗೆಲ್ಲಲು ವೈಟ್‌ಹೌಸ್ ಸುಮಾರು 2000 ವೋಲ್ಟಿನ ಇಂಡಕ್ಷನ್ ಕಾಯಿಲುಗಳನ್ನು ಹಚ್ಚಿದ. ಕೆಲವೇ ವಾರಗಳಲ್ಲಿ ತಂತಿ ಸತ್ತಿತು. ಆದರೆ ತಂತಿ ಗಟ್ಟಿಯಾಗಿದ್ದಿದ್ದರೂ ವೋಲ್ಟೇಜಿನಿಂದ ಲಾಭವಾಗುತ್ತಿದ್ದದ್ದು ಕಡಿಮೆ. ಹೆಚ್ಚು ವೋಲ್ಟಿನಿಂದ ಏರು ಎತ್ತರವಾಗುತ್ತದೆ, ಅದರ ಆಕಾರ ಬದಲಾಗುವುದಿಲ್ಲ. ಹಿಂದಿನ ಚುಕ್ಕೆಯ ಬಾಲವೂ ಅಷ್ಟೇ ಎತ್ತರವಾಗಿ ಮುಂದಿನ ಗೆರೆಯ ಮೇಲೆ ಬೀಳುತ್ತದೆ. ಆಕಾರ ಬದಲಾಗಬೇಕಾದರೆ ರೋಧ ಅಥವಾ ಧಾರಣೆ ಇಳಿಯಬೇಕು. 1866ರ ತಂತಿಯಲ್ಲಿ ಮೈಲಿಗೆ 300 ಪೌಂಡ್ ತಾಮ್ರ, 400 ಪೌಂಡ್ ಗಟ್ಟಾ ಪರ್ಚಾ ಹಾಕಿದರು. ಥಾಮ್ಸನ್ನನ ಕನ್ನಡಿ ಗ್ಯಾಲ್ವನೋಮೀಟರು ಏರಿನ ಮೊದಲ ಅಲುಗಾಟವನ್ನೇ ಹಿಡಿಯುತ್ತಿತ್ತು. ನಿಮಿಷಕ್ಕೆ ಸುಮಾರು 8 ಪದಗಳು ಹೋದವು.

ಇನ್ನೊಂದು ದಾರಿಯೂ ಇತ್ತು, ಸರಪಳಿಯನ್ನೇ ತುಂಡು ಮಾಡುವುದು. 1870ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಮುಂಬೈಯಿಂದ ಏಡನ್ನಿಗೆ ತಂತಿ ಹಾಸಿತು, ಸುಮಾರು 1800 ನಾಟಿಕಲ್ ಮೈಲಿ. ಅಲ್ಲಿಂದ ಸೂಯೆಜ್, ಮಾಲ್ಟಾ, ಜಿಬ್ರಾಲ್ಟರ್ ದಾಟಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರ. ಪ್ರತಿ ನಿಲ್ದಾಣದಲ್ಲೂ ಒಬ್ಬ ಗುಮಾಸ್ತ ಬಂದದ್ದನ್ನು ಓದಿ ಬರೆದುಕೊಳ್ಳುತ್ತಿದ್ದ, ಹೊಸ ಬ್ಯಾಟರಿಯಿಂದ ಮುಂದಿನ ತಂತಿಗೆ ಕುಟ್ಟುತ್ತಿದ್ದ. ನಿಲ್ದಾಣಗಳ ಜಾಗವನ್ನು ಭೂಗೋಳವೇ ಬಹುಮಟ್ಟಿಗೆ ಆರಿಸಿತ್ತು ನಿಜ. ಆದರೂ ಲೆಕ್ಕದ ದೃಷ್ಟಿಯಿಂದ ಆ ಗುಮಾಸ್ತನೇ ಎರಡನೆಯ ನಲ್ಲಿಯವನು. ಏಡನ್ನಿನಾಚೆಯ ತಂತಿ ಎಷ್ಟೇ ಉದ್ದವಿರಲಿ, ಮುಂಬೈಯ ತಂತಿಯಿಂದ ಅದು ಒಂದು ಹನಿ ವಿದ್ಯುತ್ತನ್ನೂ ಎಳೆಯಲಾರದು. ಆಗ ಒಟ್ಟು ತಡ ತುಂಡುಗಳ ತಡದ ಬರಿಯ ಮೊತ್ತ. ಅವನನ್ನು ತೆಗೆದು ಅಂಥದೇ ಇನ್ನೊಂದು 1800 ಮೈಲಿಯನ್ನು ನೇರವಾಗಿ ಬೆಸೆದಿದ್ದರೆ ಪದಗಳ ವೇಗ ಕಾಲುಭಾಗಕ್ಕೆ ಇಳಿಯುತ್ತಿತ್ತು. ವೈಟ್‌ಹೌಸ್ ಹೇಳಿದ ನೇರ ಲೆಕ್ಕ ಕೊನೆಗೂ ನಿಜವಾದದ್ದು ಗುಮಾಸ್ತರು ಕುಳಿತ ತಂತಿಯಲ್ಲಿ.

ಮೇಜಿನ ಮೇಲೆ ಈ ಗುಮಾಸ್ತನ ಕೆಲಸವನ್ನು ಒಂದು ಆಪ್-ಆಂಪ್ ಬಫರ್ ಮಾಡುತ್ತದೆ. ಎರಡು ವಿಭಾಗಗಳ ನಡುವೆ ಅದನ್ನು ಇಟ್ಟರೆ 0.333 ಮತ್ತೆ 0.5 ಆಗುತ್ತದೆ. ಬಫರ್ ಬೇಡವೆಂದರೆ ಎರಡನೆಯ ವಿಭಾಗವನ್ನು ಹಗುರ ಮಾಡಬಹುದು: 10 ಕಿಲೋಓಮ್ ಬದಲು 100 ಕಿಲೋಓಮ್, 10 ನ್ಯಾನೋಫ್ಯಾರಡ್ ಬದಲು 1. ಕಟಾಫ್ ಅದೇ, ಆದರೆ ಎಳೆಯುವ ವಿದ್ಯುತ್ತು ಹತ್ತರಲ್ಲೊಂದು. ಆಗ 0.476 ಸಿಗುತ್ತದೆ. ಪೂರ್ತಿ 0.5 ಅಲ್ಲದಿದ್ದರೂ ಬಹಳ ಕೆಲಸಕ್ಕೆ ಸಾಕು.

ಈ ಉಪಾಯ ದೂರ ಹೋಗುವುದಿಲ್ಲ. ಮೂರನೆಯದನ್ನೂ ಹೀಗೇ ಹಗುರ ಮಾಡಿದರೆ 1 ಮೆಗಾಓಮ್, 100 ಪಿಕೋಫ್ಯಾರಡ್ ಬೇಕು. ಅದನ್ನು ಅಳೆಯಲು ಸಾಮಾನ್ಯ ಆಸಿಲೋಸ್ಕೋಪನ್ನು ನೇರ ತಂತಿಯಿಂದ ಹಚ್ಚಿದರೆ ಸ್ಕೋಪಿನ ಒಳರೋಧವೂ 1 ಮೆಗಾಓಮ್, ತಂತಿಯ ಧಾರಣೆಯೂ ಸುಮಾರು 100 ಪಿಕೋಫ್ಯಾರಡ್. ಆಗ ನೀವು ಅಳೆಯುತ್ತಿರುವುದು ಸ್ಕೋಪನ್ನೂ ಹೊತ್ತುಕೊಂಡ ಫಿಲ್ಟರನ್ನು.