ಬೌದ್ಧಿಕ ವೈಕಲ್ಯವುಳ್ಳ ಮಕ್ಕಳಿಗಾಗಿ ಉಯಿಲು

ಬೌದ್ಧಿಕ ವೈಕಲ್ಯವುಳ್ಳ ಮಗ ಅಥವಾ ಮಗಳ ಮುಂದಿನ ಬದುಕಿಗಾಗಿ ತಂದೆತಾಯಿ ಬರೆಯುವ ಉಯಿಲು ಸಾಮಾನ್ಯ ಉಯಿಲಿಗಿಂತ ಬೇರೆ ಬಗೆಯದು. ಸಾಮಾನ್ಯ ಉಯಿಲು ಯಾರಿಗೆ ಏನು ಸೇರಬೇಕೆಂದು ಹೇಳಿದರೆ ಸಾಕು. ಇಲ್ಲಿ ಆಸ್ತಿ ಯಾರ ಹೆಸರಿನಲ್ಲಿರಬೇಕು, ಹಣವನ್ನು ಯಾರು ತೆಗೆದು ಖರ್ಚು ಮಾಡಬೇಕು, ದಿನನಿತ್ಯ ಜೊತೆಗಿದ್ದು ನೋಡಿಕೊಳ್ಳುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಈ ಮೂರೂ ಒಬ್ಬರದೇ ಕೈಯಲ್ಲಿ ಸೇರಿದಾಗ ಆ ವ್ಯಕ್ತಿ ಎಷ್ಟೇ ಒಳ್ಳೆಯವರಾಗಿದ್ದರೂ ಏರ್ಪಾಡು ದುರ್ಬಲವಾಗುತ್ತದೆ. ಆದ್ದರಿಂದ ಮೂರನ್ನೂ ಬೇರೆ ಬೇರೆ ಕೈಗಳಲ್ಲಿಟ್ಟು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಕೇಳುವಂತೆ ಮಾಡುವುದೇ ಇಂಥ ಉಯಿಲಿನ ಮುಖ್ಯ ಕೆಲಸ.

ಈ ಸಮಸ್ಯೆಯ ಬೇರು ಹಳೆಯದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನ ಶತಮಾನಗಳ ಕಾಲ ದಾಯಭಾಗದ ಆಧಾರವಾಗಿತ್ತು. ಬುದ್ಧಿಮಾಂದ್ಯರಿಗೆ, ಹುಚ್ಚರಿಗೆ, ಕುರುಡರಿಗೆ ಆ ಸ್ಮೃತಿ ಪಾಲು ಕೊಡುವುದಿಲ್ಲ. ಆದರೆ ಅವರನ್ನು ಪೋಷಿಸಬೇಕೆಂದು ವಿಧಿಸುತ್ತದೆ. 1928ರ ಕಾಯ್ದೆ ಇಂಥ ಅನರ್ಹತೆಗಳಲ್ಲಿ ಹೆಚ್ಚಿನವನ್ನು ತೆಗೆದುಹಾಕಿತಾದರೂ ಹುಟ್ಟಿನಿಂದ ಬುದ್ಧಿಮಾಂದ್ಯರಾದವರನ್ನು ಹೊರಗೇ ಇಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಕಲಮು ಆ ಬಾಗಿಲನ್ನೂ ತೆರೆಯಿತು: ರೋಗ, ಊನ, ಅಂಗವಿಕಾರಗಳ ಕಾರಣಕ್ಕೆ ಯಾರೂ ಉತ್ತರಾಧಿಕಾರ ಕಳೆದುಕೊಳ್ಳುವುದಿಲ್ಲ. ಇದು ದೊಡ್ಡ ನ್ಯಾಯ. ಆದರೆ ಹಳೆಯ ಕಟ್ಟಳೆ ಪಾಲು ಕಿತ್ತುಕೊಂಡು ಪೋಷಣೆಯ ಹೊಣೆ ಹೊರಿಸಿತ್ತು. ಹೊಸ ಕಾಯ್ದೆ ಪಾಲು ಕೊಟ್ಟಿತು, ಆ ಪಾಲನ್ನು ಪೋಷಣೆಯಾಗಿ ಮಾಡುವ ದಾರಿಯನ್ನು ಕುಟುಂಬಕ್ಕೇ ಬಿಟ್ಟಿತು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಊಟ, ಔಷಧಿ, ಸ್ನಾನ, ಸಂಗಾತ ಬರುವುದಿಲ್ಲ.

ಉಯಿಲೇ ಇಲ್ಲದಿದ್ದರೆ ಆಗುವುದೇನು? ತಂದೆಯ ಸ್ವಯಾರ್ಜಿತ ಆಸ್ತಿ ಹೆಂಡತಿ ಮಕ್ಕಳಿಗೆಲ್ಲ ಸಮವಾಗಿ ಹಂಚಿಕೆಯಾಗುತ್ತದೆ. ಪೌತಿ ಖಾತೆಯಾದ ಮೇಲೆ ಜಂಟಿ ಹೆಸರಿನ ಜಮೀನನ್ನು ಮಾರಬೇಕಾದರೆ ಎಲ್ಲರ ಸಹಿ ಬೇಕು. ಆಗ ಹಕ್ಕು ಬಿಡುಗಡೆ ಪತ್ರಕ್ಕೆ ವಿಕಲಚೇತನ ಸಹೋದರನ ಹೆಬ್ಬೆಟ್ಟು ಒತ್ತಿಸಿಬಿಡುವ ಅಪಾಯ ಎದುರಾಗುತ್ತದೆ. ಮಾಡುತ್ತಿರುವುದೇನೆಂದು ಅರಿಯಲಾರದವರ ಒಪ್ಪಂದ 1872ರ ಕರಾರು ಕಾಯ್ದೆಯ ಪ್ರಕಾರ ಊರ್ಜಿತವಲ್ಲ. ಆದರೂ ಅದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಲು ಯಾರಾದರೂ ದಾವೆ ಹೂಡಬೇಕು. ಹೂಡಬೇಕಾದವನು ಅದನ್ನು ಮಾಡಲಾರದವನೇ ಆಗಿರುತ್ತಾನೆ. ಇನ್ನೊಂದು ಮಿತಿಯನ್ನೂ ನೆನಪಿಡಬೇಕು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ತಂದೆ ತನ್ನ ಪಾಲಿನ ಬಗ್ಗೆ ಮಾತ್ರ ಉಯಿಲು ಬರೆಯಬಹುದು. ಮಗನಿಗೂ ಮಗಳಿಗೂ ಹುಟ್ಟಿನಿಂದ ಬಂದ ಪಾಲು ಅವರದೇ.

ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ, ಎಲ್ಲವನ್ನೂ ಅಕ್ಕನ ಅಥವಾ ಅಣ್ಣನ ಹೆಸರಿಗೆ ಬರೆದು, ತಮ್ಮನನ್ನು ನೋಡಿಕೊಳ್ಳಬೇಕೆಂದು ಒಂದು ಸಾಲು ಸೇರಿಸುವುದು. ಒಡಹುಟ್ಟಿದವರ ಮೇಲೆ ಇಷ್ಟೂ ನಂಬಿಕೆ ಇಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನಂಬಿಕೆಯದಲ್ಲ. ಅಕ್ಕನ ಹೆಸರಿಗೆ ಬಂದ ಆಸ್ತಿ ಕಾನೂನಿನ ಕಣ್ಣಿಗೆ ಅಕ್ಕನದು. ಆಕೆಯ ಸಾಲಕ್ಕೆ ಅದು ಜಪ್ತಿಯಾಗಬಹುದು. ತಮ್ಮನಿಗಿಂತ ಮೊದಲೇ ಆಕೆ ತೀರಿಕೊಂಡರೆ ಅದು ಆಕೆಯ ವಾರಸುದಾರರಿಗೆ ಹೋಗುತ್ತದೆ. ತಮ್ಮನ ಬಗ್ಗೆ ಆಕೆಗಿದ್ದ ಕಕ್ಕುಲಾತಿ ಅವರಿಗೂ ಇರಲೇಬೇಕೆಂದಿಲ್ಲ. ನೋಡಿಕೊಳ್ಳಬೇಕೆಂಬ ಸಾಲು ಕೇವಲ ಆಶಯದ ಮಾತಾಗಿದ್ದರೆ ಅದನ್ನು ಜಾರಿಗೊಳಿಸುವುದು ಕಷ್ಟ. ಬ್ಯಾಂಕ್ ಠೇವಣಿಗೆ ನಾಮಿನಿ ಹೆಸರಿಸಿದ್ದೇನಲ್ಲ ಎಂಬ ಸಮಾಧಾನವೂ ಅರ್ಧ ಸತ್ಯ. ನಾಮಿನಿ ಹಣ ಪಡೆಯುವವರೇ ಹೊರತು ಮಾಲೀಕರಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಷೇರುಗಳ ವಿಷಯದಲ್ಲೂ ಹೇಳಿದೆ.

ಎರಡನೆಯ ತಪ್ಪು ಪಾಲಕರ ನೇಮಕಕ್ಕೆ ಸಂಬಂಧಿಸಿದ್ದು. ಉಯಿಲಿನಲ್ಲಿ ಪಾಲಕರ ಹೆಸರು ಬರೆದರೆ ಮುಗಿಯಿತೆಂದು ಹಲವರು ಭಾವಿಸುತ್ತಾರೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಉಯಿಲಿನ ಮೂಲಕ ಪಾಲಕರನ್ನು ನೇಮಿಸಲು ಅವಕಾಶ ಕೊಡುತ್ತದೆ, ಆದರೆ ಅದು ಮಗುವಿಗೆ 18 ತುಂಬುವವರೆಗೆ ಮಾತ್ರ. ಆನಂತರ ತಂದೆತಾಯಿಯರೂ ತಾವಾಗಿಯೇ ಕಾನೂನುಬದ್ಧ ಪಾಲಕರಾಗಿ ಉಳಿಯುವುದಿಲ್ಲ. ಆಗ ನೆರವಿಗೆ ಬರುವುದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ ಅನ್ವಯಿಸುವ ಈ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ವ್ಯಕ್ತಿ ಇರುವ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ಉದಾಹರಣೆಗೆ, ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ನಿಟ್ಟೂರಿನವರು ಇದಕ್ಕಾಗಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಿಲ್ಲ; ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸಮಿತಿಗೆ ತುಮಕೂರಿನಲ್ಲಿ ಅರ್ಜಿ ಕೊಡಬೇಕು. ತಂದೆತಾಯಿ ಬದುಕಿರುವಾಗಲೇ ತಮ್ಮ ಆಯ್ಕೆಯವರ ಹೆಸರು ಸೂಚಿಸಿ ಅರ್ಜಿ ಹಾಕಬಹುದೆಂಬುದು ಇದರ ದೊಡ್ಡ ಅನುಕೂಲ. ನೇಮಕವಾದ ಪಾಲಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನೂ ಒಪ್ಪಿಸಬೇಕು. ನಿರ್ಲಕ್ಷ್ಯ, ದೌರ್ಜನ್ಯ ಅಥವಾ ಹಣದ ದುರ್ಬಳಕೆ ಕಂಡರೆ ಪಾಲಕರನ್ನು ತೆಗೆದುಹಾಕುವಂತೆ ಸಂಬಂಧಿಗಳಾಗಲಿ ನೋಂದಾಯಿತ ಸಂಸ್ಥೆಯಾಗಲಿ ಕೇಳಬಹುದು.

ಈಗ ಒಂದು ಕಲ್ಪಿತ ಕುಟುಂಬವನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ನಿಟ್ಟೂರಿನ ದಂಪತಿಗಳಿಗೆ ಸ್ವಯಾರ್ಜಿತವಾದ ಒಂದು ತೆಂಗಿನ ತೋಟ, ಒಂದು ಮನೆ, ಒಂದಿಷ್ಟು ಠೇವಣಿ ಇದೆ. ಕುಣಿಗಲ್ಲಿಗೆ ಕೊಟ್ಟ ಮಗಳು, ಬೌದ್ಧಿಕ ವೈಕಲ್ಯವುಳ್ಳ 24 ವರ್ಷದ ಮಗ. ಮಗನ ಖರ್ಚು ಈಗ ತಿಂಗಳಿಗೆ 12,000 ರೂಪಾಯಿ, ಅಂದರೆ ವರ್ಷಕ್ಕೆ 1,44,000. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷಕ್ಕೆ ಇದೇ ಖರ್ಚು ತಿಂಗಳಿಗೆ 24,000 ಆಗುತ್ತದೆ, 24 ವರ್ಷಕ್ಕೆ 48,000. ಠೇವಣಿ ಶೇಕಡಾ 7 ಗಳಿಸುತ್ತದೆ ಎಂದಿಟ್ಟುಕೊಂಡರೂ ಬೆಲೆಯೇರಿಕೆ ಕಳೆದು ಉಳಿಯುವುದು ಶೇಕಡಾ 1ಕ್ಕಿಂತ ಕಡಿಮೆ. 40 ವರ್ಷ ಸಾಗಬೇಕಾದರೆ ವಾರ್ಷಿಕ ಖರ್ಚಿನ ಸುಮಾರು 33 ಪಟ್ಟು, ಅಂದರೆ 48 ಲಕ್ಷದಷ್ಟು ಇಡುಗಂಟು ಬೇಕು. ತೋಟದಿಂದ ವರ್ಷಕ್ಕೆ ಖರ್ಚು ಕಳೆದು 60,000 ಬಂದು, ಅದೂ ಬೆಲೆಗಳ ಜೊತೆಗೇ ಏರುವುದಾದರೆ ಬೇಕಾದ ಇಡುಗಂಟು 28 ಲಕ್ಷಕ್ಕೆ ಇಳಿಯುತ್ತದೆ. ತೋಟ ಮಾರಿ ಹಣವನ್ನು ಬ್ಯಾಂಕಿನಲ್ಲಿಡುವುದೇ ಸುರಕ್ಷಿತ ಎಂಬ ಸಲಹೆಯನ್ನು ಈ ಅಂಕಿಗಳನ್ನು ನೋಡದೆ ಒಪ್ಪಬಾರದು. ಫಸಲಿನ ಆದಾಯ ಬೆಲೆಯೇರಿಕೆಯ ಜೊತೆ ಓಡಬಲ್ಲದು, ಠೇವಣಿ ಅಷ್ಟಾಗಿ ಓಡುವುದಿಲ್ಲ.

ಈ ಕುಟುಂಬದ ಉಯಿಲು ಹೀಗಿರಬಹುದು. ತೋಟ ಮತ್ತು ಮನೆಯ ಅನುಭೋಗ ಮಗನಿಗೆ ಜೀವನಪರ್ಯಂತ. ಮಾರುವ ಅಥವಾ ಅಡವಿಡುವ ಅಧಿಕಾರ ಯಾರಿಗೂ ಇಲ್ಲ. ಠೇವಣಿ, ವಿಮೆಯ ಹಣ ಉಯಿಲಿನಿಂದಲೇ ಹುಟ್ಟುವ ಖಾಸಗಿ ಟ್ರಸ್ಟಿಗೆ, ಇಬ್ಬರು ಟ್ರಸ್ಟಿಗಳ ಜಂಟಿ ಸಹಿಯಲ್ಲಿ. ತೋಟದ ಫಸಲನ್ನು ಮಾರಿ ಬಂದದ್ದು ಅದೇ ಖಾತೆಗೆ. ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನು 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆ ನಿರ್ಬಂಧಿಸುವುದರಿಂದ ಭೂಮಿಯ ಗೇಣಿ ಎಂದು ಬರೆಯದೆ ಫಸಲಿನ ಮಾರಾಟ ಎಂದೇ ಬರೆಯಬೇಕು. ಜೊತೆಗಿದ್ದು ನೋಡಿಕೊಳ್ಳುವ ಅಕ್ಕ ಸಮಿತಿಯಿಂದ ನೇಮಕವಾದ ಪಾಲಕಿ. ತಿಂಗಳ ಖರ್ಚು ಆಕೆಯ ಕೈಗೆ ಬರುತ್ತದೆ, ಇಡುಗಂಟು ಬರುವುದಿಲ್ಲ. ಟ್ರಸ್ಟಿಗಳಲ್ಲಿ ಒಬ್ಬರು ನೆಂಟರಾದರೆ ಇನ್ನೊಬ್ಬರು ಹೊರಗಿನವರಿರಲಿ. ಇಬ್ಬರ ನಂತರ ಯಾರೆಂದು ಎರಡು ಮೂರು ಹೆಸರುಗಳನ್ನು ಸರದಿಯಂತೆ ಬರೆದಿಡಬೇಕು, ಏಕೆಂದರೆ ಮಗ ಇವರೆಲ್ಲರಿಗಿಂತ ಚಿಕ್ಕವನು. ಅವನ ಕಾಲಾನಂತರ ತೋಟ ಯಾರಿಗೆ ಎಂಬಲ್ಲಿ ವಿಶೇಷ ಎಚ್ಚರ ಬೇಕು: ನೋಡಿಕೊಳ್ಳುವವರ ಮನೆಗೇ ಎಲ್ಲವೂ ಹೋಗುವುದಾದರೆ ಅವನ ಆಯುಸ್ಸು ಕಡಿಮೆಯಾದಷ್ಟೂ ಅವರಿಗೆ ಲಾಭ. ಹಾಗಾಗಿ ಒಂದು ಭಾಗವನ್ನಾದರೂ ಬೇರೆಡೆಗೆ ಬರೆಯುವುದು, ಅಥವಾ ಆರೈಕೆ ನಡೆದ ವರ್ಷಗಳಿಗೆ ತಕ್ಕಂತೆ ಪಾಲು ಹೆಚ್ಚುವಂತೆ ಮಾಡುವುದು ಉತ್ತಮ. ಇದನ್ನು ಓದಿ ನೋಯುವ ಅಕ್ಕಂದಿರಿರಬಹುದು; ಆದರೆ ಉಯಿಲು ಅವರೂ ಇಲ್ಲದ ದಿನಕ್ಕೆ ಬರೆಯುವಂಥದ್ದು. ತೆರಿಗೆಯ ದೃಷ್ಟಿಯಿಂದಲೂ ಉಯಿಲಿನ ಟ್ರಸ್ಟಿಗೆ ಅನುಕೂಲವಿದೆ: ಒಬ್ಬರು ಉಯಿಲಿನಿಂದ ಸ್ಥಾಪಿಸಿದ ಏಕೈಕ ಟ್ರಸ್ಟಾಗಿದ್ದರೆ, ಪಾಲುಗಳು ನಿಗದಿಯಾಗದ ಟ್ರಸ್ಟುಗಳ ಮೇಲೆ ಬೀಳುವ ಗರಿಷ್ಠ ದರದಿಂದ ಅದಕ್ಕೆ ವಿನಾಯಿತಿ ಸಿಗುತ್ತದೆ.

ಮಗನಿಗೆ ಹೆಚ್ಚು ಬರೆದದ್ದಕ್ಕೆ ಕಾರಣವನ್ನು ಉಯಿಲಿನಲ್ಲಿಯೇ ಹೇಳಬೇಕು. ಮೈಸೂರು ಹೈಕೋರ್ಟಿನಿಂದ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಸೂತ್ರಗಳನ್ನು ಇಂದಿಗೂ ನ್ಯಾಯಾಲಯಗಳು ಅನುಸರಿಸುತ್ತವೆ. ಹಂಚಿಕೆ ಅಸಹಜವಾಗಿ ಕಂಡರೆ, ಅಥವಾ ಲಾಭ ಪಡೆಯುವವರೇ ಉಯಿಲು ಬರೆಸುವಲ್ಲಿ ಮುಂದಾಗಿದ್ದರೆ, ಆ ಸಂಶಯವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರ ಮೇಲೆ ಬೀಳುತ್ತದೆ. ಆದ್ದರಿಂದ ಮಗನ ವೈಕಲ್ಯ ಪ್ರಮಾಣಪತ್ರದ ವಿವರ, ಮಗಳಿಗೆ ಈಗಾಗಲೇ ಏನು ಕೊಟ್ಟಿದೆ, ಮಗನಿಗೆ ಏಕೆ ಹೆಚ್ಚು ಬೇಕು ಎಂಬ ನಾಲ್ಕು ಸಾಲು ಇರಲಿ. ಇಬ್ಬರು ಸಾಕ್ಷಿಗಳು ಉಯಿಲಿನಿಂದ ಏನೂ ಪಡೆಯದವರಾಗಿರಲಿ. ಒಬ್ಬರು ವೈದ್ಯರಾದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಗುಬ್ಬಿಯ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿದರೆ ಕಾಗದ ಕಳೆದುಹೋಗುವ ಭಯ ತಪ್ಪುತ್ತದೆ. ತಂದೆ ತಾಯಿ ಬೇರೆ ಬೇರೆ ಉಯಿಲು ಬರೆಯಬೇಕು. ತಂದೆಯ ಉಯಿಲಿನಿಂದ ತಾಯಿಗೆ ಪೂರ್ಣ ಒಡೆತನ ಬಂದು, ತಾಯಿ ಉಯಿಲು ಬರೆಯದೆ ತೀರಿಕೊಂಡರೆ ಎಲ್ಲವೂ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತದೆ.

ಟ್ರಸ್ಟು ಉಳ್ಳವರಿಗೆ ಮಾತ್ರ ಎಂಬ ಆಕ್ಷೇಪದಲ್ಲಿ ಹುರುಳಿದೆ. ಎರಡು ಮೂರು ಲಕ್ಷದ ಠೇವಣಿಗೆ ಟ್ರಸ್ಟಿಗಳು, ಪ್ರತ್ಯೇಕ ಪ್ಯಾನ್, ಲೆಕ್ಕಪತ್ರ ಎಂದು ಹೊರಟರೆ ಹಣದ ಒಂದು ಭಾಗ ಅದಕ್ಕೇ ಹೋಗುತ್ತದೆ. ಅಂಥವರಿಗೆ ಮನೆಯಲ್ಲಿ ಜೀವನಪರ್ಯಂತ ವಾಸದ ಹಕ್ಕು, ಸಮಿತಿಯಿಂದ ನೇಮಕವಾದ ಪಾಲಕರು, ತಿಂಗಳ ಬಡ್ಡಿ ಬರುವ ಠೇವಣಿ ಸಾಕು. ಪಾಲಕರು ಸಮಿತಿಗೆ ಕೊಡಬೇಕಾದ ವಾರ್ಷಿಕ ಲೆಕ್ಕವೇ ಕಾವಲಾಗುತ್ತದೆ. ಇನ್ನೂ ಗಂಭೀರವಾದ ಆಕ್ಷೇಪ ವಿಕಲಚೇತನರ ಹಕ್ಕುಗಳ ಕಡೆಯಿಂದ ಬರುತ್ತದೆ. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಅವರಿಗೆ ಇತರರಷ್ಟೇ ಕಾನೂನು ಸಾಮರ್ಥ್ಯವಿದೆ ಎನ್ನುತ್ತವೆ; ಅವರ ಬದಲಿಗೆ ನಿರ್ಧರಿಸುವ ಪಾಲಕರಿಗಿಂತ, ಅವರ ಜೊತೆಗೂಡಿ ನಿರ್ಧರಿಸುವ ಸೀಮಿತ ಪಾಲಕತ್ವಕ್ಕೆ ಕಾಯ್ದೆ ಒತ್ತು ಕೊಡುತ್ತದೆ. ಈ ವಾದ ಸರಿ, ಮತ್ತು ಕೈಗಳನ್ನು ಬೇರ್ಪಡಿಸಿದ ಉಯಿಲಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಹಣ ಟ್ರಸ್ಟಿನಲ್ಲಿ ಭದ್ರವಾಗಿದ್ದರೆ ಪಾಲಕರಿಗೆ ಮಗನ ಬದುಕಿನ ಮೇಲೆ ಪೂರ್ಣಾಧಿಕಾರ ಬೇಕಾಗುವುದಿಲ್ಲ. ಉಯಿಲಿಗೆ ಲಗತ್ತಾಗಿ ಒಂದು ಪತ್ರ ಬರೆದು ಅವನು ಏನು ತಿನ್ನುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಯಾವ ಮಾತ್ರೆ ಒಗ್ಗುವುದಿಲ್ಲ, ಯಾರ ಜೊತೆ ಸಂತೋಷವಾಗಿರುತ್ತಾನೆ, ಬೇಡ ಎನ್ನಲು ಯಾವ ಸನ್ನೆ ಮಾಡುತ್ತಾನೆ ಎಂಬುದನ್ನು ದಾಖಲಿಸಬೇಕು. ಅವನ ವಾಸದ ಜಾಗ ಬದಲಿಸುವ ಮೊದಲು ಅವನನ್ನು ಕೇಳಿ, ಅವನು ತೋರಿದ ಇಷ್ಟಾನಿಷ್ಟವನ್ನು ಟ್ರಸ್ಟಿಗಳು ಬರೆದಿಡಬೇಕೆಂಬ ಷರತ್ತನ್ನು ಉಯಿಲಿನೊಳಗೇ ಸೇರಿಸಬಹುದು.