ಲ್ಯಾಡರ್ ಮೇಲೆ ಕಾಲು ಚುರುಕು, ಆಟದಲ್ಲಿ ನಿಧಾನ: ಮಕ್ಕಳ ಡ್ರಿಲ್‌ಗಳಲ್ಲಿ ತಪ್ಪುತ್ತಿರುವುದು ಎಲ್ಲಿ?

ಅಪಾರ್ಟ್‌ಮೆಂಟ್ ಅಂಗಳದ ಫುಟ್‌ಬಾಲ್ ಕೋಚಿಂಗ್ ಇರಲಿ, ಬ್ಯಾಡ್ಮಿಂಟನ್ ಅಕಾಡೆಮಿ ಇರಲಿ, ಈಗ ನೆಲದ ಮೇಲೆ ಹಾಸಿದ ಹಳದಿ ಪಟ್ಟಿಗಳ ಏಣಿ ಇದ್ದೇ ಇರುತ್ತದೆ. ಇದೇ ಅಜಿಲಿಟಿ ಲ್ಯಾಡರ್. ಮಕ್ಕಳು ಅದರ ಮನೆಗಳಲ್ಲಿ ಟಪಟಪನೆ ಕಾಲಿಡುವುದನ್ನು ನೋಡಿದರೆ ಅಪ್ಪ ಅಮ್ಮನಿಗೂ ಖುಷಿ, ರೀಲ್ಸ್‌ಗೂ ಸರಕು. ಆದರೆ ಅದೇ ಮಗು ಪಂದ್ಯದಲ್ಲಿ ಎದುರಾಳಿ ಪಕ್ಕಕ್ಕೆ ಸರಿದಾಗ ಯಾಕೆ ಅರ್ಧ ಸೆಕೆಂಡ್ ತಡವಾಗಿ ತಿರುಗುತ್ತದೆ?

ಕಾರಣ ಸರಳ. ಚುರುಕುತನ ಎಂದು ನಾವು ಒಂದೇ ಪದದಲ್ಲಿ ಹೇಳುವುದರೊಳಗೆ ಮೂರು ಬೇರೆ ಬೇರೆ ಕೆಲಸಗಳಿವೆ: ಪಾದದ ಲಯ, ವೇಗದಲ್ಲಿದ್ದಾಗ ದಿಕ್ಕು ಬದಲಿಸುವುದು, ಕಂಡದ್ದಕ್ಕೆ ತಕ್ಷಣ ಪ್ರತಿಕ್ರಿಯಿಸುವುದು. ಕ್ರೀಡಾ ವಿಜ್ಞಾನಿಗಳಾದ ಶೆಪರ್ಡ್ ಮತ್ತು ಯಂಗ್ 2006ರಲ್ಲಿ ಕೊಟ್ಟ ವ್ಯಾಖ್ಯಾನ ಇಂದಿಗೂ ಬಳಕೆಯಲ್ಲಿದೆ. ಯಾವುದೋ ಸೂಚನೆಗೆ ಪ್ರತಿಯಾಗಿ ಇಡೀ ದೇಹ ವೇಗ ಅಥವಾ ದಿಕ್ಕನ್ನು ಬೇಗನೆ ಬದಲಿಸಿದರೆ ಮಾತ್ರ ಅದು ಅಜಿಲಿಟಿ ಎನ್ನುತ್ತಾರೆ ಅವರು. ಎಲ್ಲಿ ಕಾಲಿಡಬೇಕೆಂದು ಮೊದಲೇ ಗೊತ್ತಿರುವ ಲ್ಯಾಡರ್‌ನಲ್ಲಿ ಆ ಸೂಚನೆಯೇ ಇಲ್ಲ.

ಹಾಗಾದರೆ ಲ್ಯಾಡರ್ ಯಾಕೆ?

ವಾರ್ಮ್‌ಅಪ್‌ಗೆ ಅದು ಒಳ್ಳೆಯದು. ಎರಡೂ ಕಾಲು ಸಮನಾಗಿ ಬಳಸುವುದು, ಪಾದದ ಮುಂಭಾಗದ ಮೇಲೆ ಹಗುರವಾಗಿ ಇಳಿಯುವುದು, ಕೈ ಕಾಲುಗಳ ತಾಳ, ಇವು ಎಂಟು ಹತ್ತು ವರ್ಷದ ಮಕ್ಕಳಿಗೆ ಚೆನ್ನಾಗಿ ಬರುತ್ತವೆ. ಪ್ರತಿ ಮನೆಗೆ ಒಂದು ಕಾಲು, ಪ್ರತಿ ಮನೆಗೆ ಎರಡು ಕಾಲು, ಪಕ್ಕಕ್ಕೆ ಚಲಿಸುತ್ತಾ ಒಳಗೆರಡು ಹೊರಗೆರಡು. ಈ ಮೂರು ಸಾಕು, ಒಟ್ಟು ಐದು ನಿಮಿಷ. ತಲೆ ಎತ್ತಿಕೊಂಡು ಮಾಡಲು ಆಗುತ್ತಿಲ್ಲ ಎಂದರೆ ವೇಗ ಜಾಸ್ತಿಯಾಯಿತು ಎಂದರ್ಥ, ಇಳಿಸಿ. ಲ್ಯಾಡರ್ ಕೊಳ್ಳಲೇಬೇಕೆಂದೂ ಇಲ್ಲ. ಸುಮಾರು 40 ಸೆಂ.ಮೀ. ಅಂತರದಲ್ಲಿ ಸೀಮೆಸುಣ್ಣದ ಗೆರೆ ಎಳೆದರೂ ಅದೇ ಕೆಲಸ, ಎಡವುವ ಭಯವೂ ಇಲ್ಲ.

ಇಡೀ ಅರ್ಧ ಗಂಟೆ ಲ್ಯಾಡರ್‌ನಲ್ಲೇ ಕಳೆದರೆ ಮಗು ಲ್ಯಾಡರ್‌ನಲ್ಲಿ ಪಳಗುತ್ತದೆ, ಅಷ್ಟೇ. ಅಲ್ಲಿನ ಹೆಜ್ಜೆಗಳು ಚಿಕ್ಕವು, ದೇಹ ನೆಟ್ಟಗಿರುತ್ತದೆ, ನೆಲವನ್ನು ಜೋರಾಗಿ ಒತ್ತುವ ಅಗತ್ಯವೇ ಬೀಳುವುದಿಲ್ಲ. ಮೈದಾನದಲ್ಲಿ ತಿರುಗಲು ಬೇಕಾದದ್ದು ಇದಕ್ಕೆ ಪೂರ್ತಿ ವಿರುದ್ಧ.

ತಿರುಗುವ ಮೊದಲು ನಿಲ್ಲಲು ಕಲಿಯಬೇಕು

ಕೋನ್‌ಗಳ ಕೆಲಸ ಶುರುವಾಗುವುದು ಇಲ್ಲಿಂದ. ಎರಡು ಕೋನ್‌ಗಳನ್ನು 5 ಮೀಟರ್ ದೂರದಲ್ಲಿಡಿ. ಮಗು ಒಂದರಿಂದ ಓಡಿ, ಇನ್ನೊಂದರ ಪಕ್ಕದ ಗೆರೆಯನ್ನು ಪಾದದಿಂದ ಮುಟ್ಟಿ, ತಿರುಗಿ ವಾಪಸ್ ಓಡಬೇಕು. ಕೇಳಲು ಏನೂ ಇಲ್ಲದ ಡ್ರಿಲ್ ಇದು, ಆದರೆ ಗಮನಿಸಬೇಕಾದದ್ದು ಬಹಳ ಇದೆ.

ಕೋಚ್‌ಗಳೂ ಪೋಷಕರೂ ಸಾಮಾನ್ಯವಾಗಿ ನೋಡುವುದು ಗೆರೆ ಮುಟ್ಟುವ ಕೊನೆಯ ಹೆಜ್ಜೆಯನ್ನು. ನಿಜವಾದ ಬ್ರೇಕ್ ಬೀಳಬೇಕಾದದ್ದು ಅದಕ್ಕೂ ಹಿಂದಿನ ಹೆಜ್ಜೆಯಲ್ಲಿ. ಅಲ್ಲಿ ಸೊಂಟ ಕೆಳಗಿಳಿದು, ಮಂಡಿ ಬಾಗಿ, ವೇಗ ಕಡಿಮೆಯಾಗಿರಬೇಕು. ಆಗ ಕೊನೆಯ ಪಾದ ದೇಹದ ಹೊರಬದಿಗೆ ಊರಿ, ನೆಲ ಒತ್ತಿ, ಹೊಸ ದಿಕ್ಕಿಗೆ ತಳ್ಳುತ್ತದೆ. ಬ್ರೇಕ್ ತಡವಾದರೆ ಪೂರ್ತಿ ಭಾರ ಕೊನೆಯ ಕಾಲಿನ ಮೇಲೆ ಬೀಳುತ್ತದೆ. ಎದೆ ಮುಂದಕ್ಕೆ ವಾಲುತ್ತದೆ, ಮಗು ಗೆರೆ ದಾಟಿ ಒಂದೆರಡು ಹೆಜ್ಜೆ ಜಾರುತ್ತದೆ, ಇಲ್ಲವೇ ಕೋನ್ ಸುತ್ತ ಬಸ್ ತಿರುಗಿದಂತೆ ಅರ್ಧವೃತ್ತ ಹೊಡೆಯುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಗಂಭೀರ. ಪಾದ ಊರಿದಾಗ ಮಂಡಿ ಒಳಕ್ಕೆ, ಇನ್ನೊಂದು ಮಂಡಿಯ ಕಡೆಗೆ ಕುಸಿಯುವುದು. ಮಂಡಿಯೊಳಗಿನ ಎಸಿಎಲ್ ಅಸ್ಥಿರಜ್ಜುವಿನ ಗಾಯಕ್ಕೂ ಈ ಭಂಗಿಗೂ ನಂಟಿದೆ. ಹರೆಯಕ್ಕೆ ಬಂದ ಹುಡುಗಿಯರಲ್ಲಿ ಆ ಅಪಾಯ ಹುಡುಗರಿಗಿಂತ ಹೆಚ್ಚು. ಎದುರಿಗೆ ನಿಂತು ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ನೋಡಿ, ಮಂಡಿ ಪಾದದ ಬೆರಳುಗಳ ನೇರಕ್ಕೇ ಇರಬೇಕು. ಒಳಕ್ಕೆ ಹೋಗುತ್ತಿದ್ದರೆ ಟೈಮ್ ನೋಡುವುದನ್ನು ಬಿಟ್ಟು, ಅರ್ಧ ವೇಗದಲ್ಲಿ ಓಡಿ ಬಂದು ಗೆರೆಯ ಮೇಲೆ ನಿಂತು ಎರಡು ಎಣಿಸುವ ಅಭ್ಯಾಸಕ್ಕೆ ಮರಳಬೇಕು.

ಯಾರು ನಿಜಕ್ಕೂ ಚೆನ್ನಾಗಿ ತಿರುಗುತ್ತಾರೆ?

ಇದನ್ನು ಅಳೆಯಲು ಇದೇ ಡ್ರಿಲ್ ಸಾಕು. ‘505’ ಎಂಬ ಪರೀಕ್ಷೆಯ ಸರಳ ರೂಪ ಇದು. ಮೊದಲು ನೇರವಾಗಿ 10 ಮೀಟರ್ ಓಟದ ಸಮಯ, ನಂತರ 5 ಮೀಟರ್ ಹೋಗಿ ತಿರುಗಿ 5 ಮೀಟರ್ ಬರುವ ಸಮಯ. ಎರಡರಲ್ಲೂ ದೂರ ಒಂದೇ, ಹಾಗಾಗಿ ವ್ಯತ್ಯಾಸವೇ ತಿರುಗುವುದರ ಬೆಲೆ.

ಒಂದು ಉದಾಹರಣೆ ನೋಡೋಣ. ಒಬ್ಬ ಹುಡುಗ 10 ಮೀಟರ್ ಅನ್ನು 2.05 ಸೆಕೆಂಡಿನಲ್ಲಿ ಓಡಿ, ತಿರುವಿನ ಓಟಕ್ಕೆ 2.95 ಸೆಕೆಂಡ್ ತೆಗೆದುಕೊಂಡ ಎನ್ನಿ. ಇನ್ನೊಬ್ಬನದು 2.25 ಮತ್ತು 3.00. ತಿರುವಿನ ಓಟವನ್ನಷ್ಟೇ ನೋಡಿದರೆ ಮೊದಲನೆಯವನೇ ಮೇಲು. ಆದರೆ ಅವನು ತಿರುಗಲು ಕಳೆದದ್ದು 0.90 ಸೆಕೆಂಡ್, ಎರಡನೆಯವನು 0.75. ಮೊದಲನೆಯವನು ತನ್ನ ಓಟದ ವೇಗದಿಂದ ಕೆಟ್ಟ ತಿರುವನ್ನು ಮುಚ್ಚಿಕೊಳ್ಳುತ್ತಿದ್ದಾನೆ. ಅವನಿಗೆ ಬೇಕಾದದ್ದು ಬ್ರೇಕ್ ಹಾಕುವ ಪಾಠ, ಎರಡನೆಯವನಿಗೆ ನೇರ ಓಟದ ಅಭ್ಯಾಸ. ಇಬ್ಬರಿಗೂ ಒಂದೇ ಡ್ರಿಲ್ ಮಾಡಿಸುವುದು ಸಮಯ ವ್ಯರ್ಥ.

ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್ ಇಂಥ ಸಣ್ಣ ವ್ಯತ್ಯಾಸಕ್ಕೆ ಸಾಲದು, ಒತ್ತುವ ಬೆರಳೇ ತಪ್ಪು ಮಾಡುತ್ತದೆ. ವಿಡಿಯೋ ಫ್ರೇಮ್ ಎಣಿಸುವುದು ಮೇಲು. ಎಡಗಾಲು, ಬಲಗಾಲು ಎರಡರಲ್ಲೂ ತಿರುಗಿಸಿ, ತಲಾ ಮೂರು ಸಲ ಅಳೆದು ಉತ್ತಮವಾದದ್ದನ್ನು ಬರೆದಿಟ್ಟುಕೊಳ್ಳಿ.

ಪ್ರತಿಕ್ರಿಯೆಗೆ ಬೇಕು ‘ಗೊತ್ತಿಲ್ಲ’

ತಿರುವು ಶುದ್ಧವಾದ ಮೇಲೆ ಅದೇ ಕೋನ್‌ಗಳಿಂದ ವೈ ಆಕಾರ ಮಾಡಿ. ಮಗು 5 ಮೀಟರ್ ನೇರ ಓಡಿ ಬರಬೇಕು, ಕವಲಿನ ಬಳಿ ಬಂದಾಗ ಮುಂದೆ ನಿಂತವರು ಎಡಕ್ಕೋ ಬಲಕ್ಕೋ ಒಂದು ಹೆಜ್ಜೆ ಸರಿಯಬೇಕು. ಮಗು ಅದರ ವಿರುದ್ಧ ದಿಕ್ಕಿನ ಕೋನ್‌ಗೆ ಓಡಬೇಕು. ಚಪ್ಪಾಳೆ, ಸೀಟಿ, ಬಣ್ಣದ ಹೆಸರು ಕೂಗುವುದು ಆರಂಭಕ್ಕೆ ಸರಿ. ಆದರೆ ಪಂದ್ಯದಲ್ಲಿ ಯಾರೂ ‘ಕೆಂಪು’ ಎಂದು ಕೂಗುವುದಿಲ್ಲ. ಅಲ್ಲಿ ಓದಬೇಕಾದದ್ದು ಎದುರಾಳಿಯ ಸೊಂಟ ಮತ್ತು ಭುಜವನ್ನು, ಹಾಗಾಗಿ ಬೇಗನೆ ಮನುಷ್ಯ ಚಲನೆಗೆ ಬದಲಾಗಿ.

ಸೂಚನೆ ಬೇಗ ಕೊಟ್ಟರೆ ಸುಲಭ, ತಡವಾಗಿ ಕೊಟ್ಟಷ್ಟೂ ಕಷ್ಟ. ಮಗು ಸೂಚನೆಗೆ ಮೊದಲೇ ಒಂದು ಕಡೆ ವಾಲುತ್ತಿದ್ದರೆ ಅದು ಊಹೆ, ಪ್ರತಿಕ್ರಿಯೆಯಲ್ಲ. ಆಗ ಒಂದೇ ಕಡೆಗೆ ಮೂರು ಸಲ ಸೂಚನೆ ಕೊಟ್ಟು ನೋಡಿ, ಸಿಕ್ಕಿಬೀಳುತ್ತದೆ! ಕೋಚ್ ಇಲ್ಲದ ದಿನ ನಮ್ಮ ಮುಟ್ಟಾಟ ಇದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. 10 ಮೀಟರ್ ಚೌಕದೊಳಗೆ ಒಬ್ಬರ ಮೇಲೊಬ್ಬರು, ಆರೇಳು ಸೆಕೆಂಡು ಸಾಕು.

ಒಂದು ಓಟ ಐದಾರು ಸೆಕೆಂಡು, ನಂತರ ಸುಮಾರು ಒಂದು ನಿಮಿಷ ಬಿಡುವು. ಪ್ರತಿ ಕಾಲಿಗೆ ಆರರಿಂದ ಎಂಟು ತಿರುವು, ವಾರಕ್ಕೆ ಎರಡು ದಿನ. ಇದನ್ನು ಆಟದ ಮೊದಲು, ಮೈ ಬಿಸಿಯಾದ ಮೇಲೆ ಮಾಡಿಸಬೇಕು. ಸುಸ್ತಾದ ಮೇಲೆ ಮಾಡಿಸಿದರೆ ಮಂಡಿ ಒಳಕ್ಕೆ ಕುಸಿಯುವುದೇ ರೂಢಿಯಾಗುತ್ತದೆ. ಪಾರ್ಕಿಂಗ್‌ನ ನುಣುಪಾದ ಟೈಲ್ಸ್ ಮೇಲೆ ಜೋರು ತಿರುವು ಬೇಡ, ಅಲ್ಲಿ ಲ್ಯಾಡರ್ ಗೆರೆಗಳಷ್ಟೇ ಇರಲಿ.

ಹುಡುಗಿಯರಲ್ಲಿ ಸುಮಾರು 12, ಹುಡುಗರಲ್ಲಿ ಸುಮಾರು 14ರ ಹೊತ್ತಿಗೆ ಎತ್ತರ ದಿಢೀರ್ ಏರುತ್ತದೆ. ಕೆಲವು ಮಕ್ಕಳು ಆಗ ಕೆಲ ತಿಂಗಳು ಮೊದಲಿಗಿಂತ ಒಡ್ಡೊಡ್ಡಾಗಿ ತಿರುಗುತ್ತಾರೆ, ಟೈಮ್ ಕೂಡ ಹಿಂದೆ ಬೀಳಬಹುದು. ಗದರಬೇಡಿ, ತಿರುವುಗಳ ಸಂಖ್ಯೆ ಕಡಿಮೆ ಮಾಡಿ. ಇದೇ ವಯಸ್ಸಿನಲ್ಲಿ ಮಂಡಿ ಚಿಪ್ಪಿನ ಕೆಳಗಿನ ಉಬ್ಬಿನಲ್ಲೋ ಹಿಮ್ಮಡಿಯಲ್ಲೋ ನೋವು ಕಾಣಿಸುವುದುಂಟು. ಓಡಿದ ಮರುದಿನವೂ ಆ ನೋವು ಉಳಿದಿದ್ದರೆ ಅಥವಾ ಮಗು ಕುಂಟುತ್ತಿದ್ದರೆ ಕೋನ್‌ಗಳನ್ನು ಎತ್ತಿಟ್ಟು ಮೂಳೆ ವೈದ್ಯರಿಗೆ ತೋರಿಸಿ.