ಅಧಿಕಾರ ಮೀರಿದ ಏಜೆಂಟ್ ಮತ್ತು ಯಜಮಾನನ ಹೊಣೆ

ಒಬ್ಬನ ಪರವಾಗಿ ಇನ್ನೊಬ್ಬ ವ್ಯವಹಾರ ಮಾಡುವಾಗ ಕೊಟ್ಟ ಅಧಿಕಾರದ ಎಲ್ಲೆ ದಾಟಿದರೆ, ಆ ಒಪ್ಪಂದ ಯಜಮಾನನನ್ನು ಕಟ್ಟಿಹಾಕುತ್ತದೆಯೇ ಎಂಬುದು ಏಜೆನ್ಸಿ ಕಾನೂನಿನ ಮುಖ್ಯ ಪ್ರಶ್ನೆ. ಭಾರತದಲ್ಲಿ ಇದಕ್ಕೆ ಉತ್ತರ 1872ರ ಭಾರತೀಯ ಕರಾರು ಕಾಯಿದೆಯ ಹತ್ತನೇ ಅಧ್ಯಾಯದಲ್ಲಿದೆ (ಕಲಂ 182ರಿಂದ 238). ಸಾಮಾನ್ಯ ನಿಯಮದಂತೆ ಅಧಿಕಾರವಿಲ್ಲದೆ ಮಾಡಿದ ಕೆಲಸಕ್ಕೆ ಯಜಮಾನ ಬದ್ಧನಲ್ಲ. ಆದರೆ ಏಜೆಂಟನಿಗೆ ಅಧಿಕಾರವಿದೆ ಎಂದು ಮೂರನೆಯವರು ನಂಬುವಂತೆ ಯಜಮಾನ ತಾನೇ ನಡೆದುಕೊಂಡಿದ್ದರೆ, ಅಥವಾ ಆದದ್ದನ್ನು ತಿಳಿದ ಮೇಲೆ ಒಪ್ಪಿಕೊಂಡರೆ ಬದ್ಧನಾಗುತ್ತಾನೆ. ಎರಡರಲ್ಲೂ ನ್ಯಾಯಾಲಯ ನೋಡುವುದು ಯಜಮಾನನ ನಡೆಯನ್ನು. 'ನನಗೆ ಅಧಿಕಾರವಿದೆ' ಎಂದು ಏಜೆಂಟ್ ಹೇಳಿಕೊಂಡಷ್ಟರಿಂದ ಅವನಿಗೆ ಅಧಿಕಾರ ಬಾರದು.

ಗುಟ್ಟಿನ ಸೂಚನೆ: ಮಂಡಿಯ ಉದಾಹರಣೆ

ಗುಬ್ಬಿ ತಾಲ್ಲೂಕಿನ ರೈತನೊಬ್ಬ 40 ಕ್ವಿಂಟಲ್ ಹುಣಸೆಹಣ್ಣನ್ನು ತುಮಕೂರು ಎಪಿಎಂಸಿ ಯಾರ್ಡಿನ ಮಂಡಿಗೆ ಹಾಕಿದ್ದಾನೆ ಎಂದಿಟ್ಟುಕೊಳ್ಳೋಣ. 'ಕ್ವಿಂಟಲ್‌ಗೆ 15,000 ರೂಪಾಯಿಗಿಂತ ಕಡಿಮೆಗೆ ಕೊಡಬೇಡಿ' ಎಂದು ಮಂಡಿಯವನಿಗೆ ಫೋನಿನಲ್ಲಿ ಹೇಳಿದ್ದಾನೆ. ಮಂಡಿಯವನು 13,500ಕ್ಕೆ ಮಾರಿಬಿಡುತ್ತಾನೆ. ಖರೀದಿದಾರನಿಗೆ ಆ ಮಾತು ಗೊತ್ತಿರಲಿಲ್ಲ.

ಇಲ್ಲಿ ರೈತ ಬದ್ಧ. ಕಲಂ 237ಕ್ಕೆ ಶಾಸನವೇ ಕೊಟ್ಟಿರುವ ಉದಾಹರಣೆಯೂ ಇಂಥದ್ದೇ: ನಿಗದಿತ ಬೆಲೆಗಿಂತ ಕಡಿಮೆಗೆ ಮಾರಬೇಡವೆಂದು ಹೇಳಿ ಸರಕು ಒಪ್ಪಿಸಿದ್ದರೂ, ಆ ಸೂಚನೆ ತಿಳಿಯದ ಗಿರಾಕಿ ಕಡಿಮೆ ಬೆಲೆಗೆ ಕೊಂಡರೆ ಆ ಕರಾರು ಯಜಮಾನನನ್ನು ಕಟ್ಟುತ್ತದೆ. ಮಾರುವುದೇ ಕಸುಬಾದವನ ಕೈಗೆ ಮಾಲು ಕೊಟ್ಟು ಮಾರಾಟಕ್ಕೆ ಕೂರಿಸಿದ್ದೇ ರೈತನ ಕಡೆಯಿಂದ ಖರೀದಿದಾರನಿಗೆ ಕಂಡ ಭರವಸೆ. ಇಬ್ಬರ ನಡುವೆ ಫೋನಿನಲ್ಲಿ ನಡೆದ ಮಾತು ಅವನಿಗೆ ಕಾಣುವಂತಿರಲಿಲ್ಲ.

ಆದರೆ ಬೆಲೆಯ ಮಿತಿ ಖರೀದಿದಾರನಿಗೆ ಮೊದಲೇ ತಿಳಿದಿದ್ದರೆ ಫಲಿತಾಂಶ ತಿರುಗುತ್ತದೆ. ಮಾಲಿನ ಚೀಟಿಯಲ್ಲಿ ಬರೆದಿದ್ದರೆ, ಅಥವಾ ಅವನೆದುರಿಗೇ ರೈತ ಹೇಳಿದ್ದರೆ, ಆ ಮಾರಾಟವನ್ನು ಒಪ್ಪಬೇಕಾದ ಹೊಣೆ ರೈತನಿಗಿಲ್ಲ.

ಬದ್ಧನಾದ ಮಾತ್ರಕ್ಕೆ ರೈತನ ನಷ್ಟ ಅವನ ತಲೆಯ ಮೇಲೇ ಉಳಿಯಬೇಕೆಂದಿಲ್ಲ. ಯಜಮಾನನ ಸೂಚನೆಯಂತೆ ನಡೆಯದ ಏಜೆಂಟ್ ಅದರಿಂದಾದ ನಷ್ಟವನ್ನು ತುಂಬಿಕೊಡಬೇಕು ಎನ್ನುತ್ತದೆ ಕಲಂ 211. ಲೆಕ್ಕಕ್ಕೆ ಕ್ವಿಂಟಲ್‌ಗೆ 1,500ರಂತೆ 40 ಕ್ವಿಂಟಲ್‌ಗೆ 60,000 ರೂಪಾಯಿ. ಆದರೆ ಆ ಮಾಲಿಗೆ 15,000 ಸಿಗುತ್ತಿತ್ತು ಎಂಬುದನ್ನು ರೈತ ತೋರಿಸಬೇಕು. ಮಾರುಕಟ್ಟೆಯೇ 13,500ರಲ್ಲಿ ನಿಂತು ಆಮೇಲೂ ಇಳಿದಿದ್ದರೆ ಪೂರ್ತಿ ಮೊತ್ತ ಸಿಗುವುದು ಕಷ್ಟ.

ವಿಮೆಯ ಎರಡು ತೀರ್ಪುಗಳು

ತೋರಿಕೆಯ ಅಧಿಕಾರ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಜೀವ ವಿಮಾ ನಿಗಮದ ಕುರಿತ ಎರಡು ಸುಪ್ರೀಂ ಕೋರ್ಟ್ ತೀರ್ಪುಗಳು ಸ್ಪಷ್ಟಪಡಿಸುತ್ತವೆ. ಹರ್ಷದ್ ಜೆ. ಷಾ ಪ್ರಕರಣದಲ್ಲಿ (1997) ವಿಮಾ ಏಜೆಂಟ್ ಪಾಲಿಸಿದಾರನಿಂದ ಪ್ರೀಮಿಯಂಗೆಂದು ಬೇರರ್ ಚೆಕ್ ಪಡೆದು ನಗದು ಮಾಡಿಕೊಂಡಿದ್ದ. ಹಣವನ್ನು ನಿಗಮಕ್ಕೆ ಕಟ್ಟಿದ್ದು ತಡವಾಗಿ, ಪಾಲಿಸಿದಾರ ಅಪಘಾತದಲ್ಲಿ ತೀರಿಕೊಂಡ ಮೇಲೆ. ಏಜೆಂಟರು ಪ್ರೀಮಿಯಂ ಸಂಗ್ರಹಿಸುವಂತಿಲ್ಲ ಎಂದು ನಿಗಮದ ನಿಯಮ ಹೇಳುತ್ತಿತ್ತು. ಅಂಥ ಅಧಿಕಾರವಿದೆ ಎಂಬ ನಂಬಿಕೆಯನ್ನು ನಿಗಮ ಹುಟ್ಟಿಸಿತ್ತು ಎನ್ನಲು ಪುರಾವೆಯೂ ಇರಲಿಲ್ಲ. ಹಾಗಾಗಿ ಏಜೆಂಟನಿಗೆ ಕೊಟ್ಟ ಹಣ ನಿಗಮಕ್ಕೆ ಸಂದಾಯವಾದಂತಲ್ಲ ಎಂದು ಕೋರ್ಟ್ ತೀರ್ಮಾನಿಸಿತು.

ಬಸಂತಿ ದೇವಿ ಪ್ರಕರಣದ (1999) ತೀರ್ಪು ಇದಕ್ಕೆ ತಿರುವುಮುರುವು. ಅಲ್ಲಿ ಪ್ರೀಮಿಯಂ ನೌಕರನ ಸಂಬಳದಿಂದ ಕಡಿತವಾಗುವ ಯೋಜನೆಯಡಿ, ಉದ್ಯೋಗದಾತ ಸಂಸ್ಥೆಯಾದ ದೆಹಲಿ ವಿದ್ಯುತ್ ಸರಬರಾಜು ಸಂಸ್ಥೆಯ ಮೂಲಕ ನಿಗಮಕ್ಕೆ ಸೇರಬೇಕಿತ್ತು. ಸಂಸ್ಥೆ ಹಣವನ್ನು ಸಮಯಕ್ಕೆ ಕಳಿಸಲಿಲ್ಲ. ಈ ಏರ್ಪಾಡು ನಿಗಮದ್ದೇ ಆಗಿತ್ತು, ನೌಕರನ ಕಣ್ಣಿಗೆ ಕಂಡದ್ದೂ ಅಷ್ಟೇ. ಆದ್ದರಿಂದ ಸಂಸ್ಥೆ ನಿಗಮದ ಏಜೆಂಟ್ ಎಂದೂ ಪಾಲಿಸಿಯ ಹಣಕ್ಕೆ ನಿಗಮವೇ ಹೊಣೆ ಎಂದೂ ತೀರ್ಪಾಯಿತು.

ಬೇರ್ಪಡಿಸಬಹುದಾದ ಮತ್ತು ಬೇರ್ಪಡಿಸಲಾಗದ ಭಾಗ

ಏಜೆಂಟ್ ಹೇಳಿದ್ದಕ್ಕಿಂತ ಹೆಚ್ಚು ಮಾಡಿದ್ದರೆ, ಹೆಚ್ಚಾದದ್ದನ್ನು ಬಿಡಿಸಿ ನೋಡಲು ಆಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಹಡಗಿಗೆ 4,000 ರೂಪಾಯಿಯ ವಿಮೆ ಮಾಡಿಸು ಎಂದರೆ, ಹಡಗಿಗೊಂದು ಪಾಲಿಸಿ, ಸರಕಿಗೊಂದು ಪಾಲಿಸಿ ಮಾಡಿಸಿ ಬಂದ ಉದಾಹರಣೆ ಕಲಂ 227ರಲ್ಲಿದೆ. ಎರಡೂ ಬೇರೆ ಬೇರೆಯಾದ್ದರಿಂದ ಯಜಮಾನ ಹಡಗಿನ ಪಾಲಿಸಿಗೆ ಮಾತ್ರ ಬದ್ಧ. ಕಲಂ 228ರಲ್ಲಿ 500 ಕುರಿ ಕೊಳ್ಳಲು ಕಳಿಸಿದವನು 500 ಕುರಿ, 200 ಮರಿಗಳನ್ನು ಒಟ್ಟಿಗೆ 6,000 ರೂಪಾಯಿಗೆ ಕೊಂಡಿದ್ದಾನೆ. ಕುರಿಗೆಷ್ಟು, ಮರಿಗೆಷ್ಟು ಎಂದು ಬೇರೆ ಮಾಡಲಾಗದ ಒಂದೇ ಬೆಲೆಯಾದ್ದರಿಂದ ಯಜಮಾನ ಇಡೀ ವ್ಯಾಪಾರವನ್ನೇ ನಿರಾಕರಿಸಬಹುದು.

ಜಮೀನು ಮತ್ತು ಜಿಪಿಎ

ಜಮೀನಿನ ವ್ಯವಹಾರದಲ್ಲಿ ಲೆಕ್ಕಾಚಾರವೇ ಬೇರೆ. ಕುಣಿಗಲ್ ಬಳಿ ಎರಡು ಎಕರೆ ತೋಟವಿರುವ, ಬೆಂಗಳೂರಿನಲ್ಲಿ ನೆಲೆಸಿದ ಒಬ್ಬಾಕೆ ತೋಟ ನೋಡಿಕೊಳ್ಳಲು, ಕಂದಾಯ ಕಟ್ಟಲು, ಕಚೇರಿಗಳಲ್ಲಿ ಅರ್ಜಿ ಹಾಕಲು ತಮ್ಮನಿಗೆ ಜಿಪಿಎ ಬರೆದುಕೊಟ್ಟಿದ್ದಾಳೆ ಎನ್ನೋಣ. ಅವನು ಅದರ ಮೇಲೆ ಕ್ರಯದ ಕರಾರು ಬರೆದು ಮುಂಗಡ ಪಡೆದರೆ ಅಕ್ಕ ಬದ್ಧಳಲ್ಲ. ಅಧಿಕಾರ ಪತ್ರವನ್ನು ನ್ಯಾಯಾಲಯಗಳು ಬಿಗಿಯಾಗಿ ಓದುತ್ತವೆ. ಚರ್ಚ್ ಆಫ್ ಕ್ರೈಸ್ಟ್ ಚಾರಿಟಬಲ್ ಟ್ರಸ್ಟ್ ಪ್ರಕರಣದಲ್ಲಿ (2012), ಆಸ್ತಿಯನ್ನು ಮಾರುವ ಅಧಿಕಾರ ಪತ್ರದಲ್ಲಿ ಸ್ಪಷ್ಟವಾಗಿಯೇ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಪತ್ರವನ್ನು ಕೇಳಿ ಓದುವುದು ಕೊಳ್ಳುವವನ ಕೆಲಸ. ಅದರಲ್ಲಿ ಬರೆದಿರುವ ಮಿತಿ ತನಗೆ ಗೊತ್ತಿರಲಿಲ್ಲ ಎಂದು ಅವನು ವಾದಿಸುವಂತಿಲ್ಲ.

ಜಿಪಿಎ ರದ್ದಾದ ಮೇಲಿನ ಸ್ಥಿತಿಯನ್ನು ಕಲಂ 208 ಹೇಳುತ್ತದೆ. ರದ್ದು ಏಜೆಂಟನಿಗೆ ತಿಳಿದಾಗ ಅವನ ಮಟ್ಟಿಗೆ, ಮೂರನೆಯವರಿಗೆ ತಿಳಿದಾಗ ಅವರ ಮಟ್ಟಿಗೆ ಜಾರಿಗೆ ಬರುತ್ತದೆ. ಹಾಗಾಗಿ ರದ್ದು ಪತ್ರ ಬರೆದು ಬೀರುವಿನಲ್ಲಿಟ್ಟರೆ ಸಾಲದು. ಏಜೆಂಟನಿಗೆ ನೋಟಿಸ್ ಕೊಡುವುದು, ಮೂಲ ಪತ್ರವನ್ನು ವಾಪಸ್ ಪಡೆಯುವುದು, ಪತ್ರಿಕೆಯಲ್ಲಿ ಪ್ರಕಟಣೆ ಕೊಡುವುದು ಆಮೇಲಿನ ವಾದಕ್ಕೆ ಪುರಾವೆಯಾಗುತ್ತವೆ.

ಒಪ್ಪಿಕೊಳ್ಳುವುದು

ಅಧಿಕಾರವಿಲ್ಲದೆ ತನ್ನ ಹೆಸರಿನಲ್ಲಿ ನಡೆದ ಕೆಲಸವನ್ನು ಯಜಮಾನ ಅನುಮೋದಿಸಿದರೆ, ಮೊದಲಿನಿಂದಲೂ ಅಧಿಕಾರವಿದ್ದಂತೆಯೇ ಪರಿಣಾಮವಾಗುತ್ತದೆ (ಕಲಂ 196). ಅನುಮೋದನೆ ಬಾಯಿಮಾತಿನಲ್ಲೇ ಆಗಬೇಕೆಂದಿಲ್ಲ. ಕುಣಿಗಲ್‌ನ ಅಕ್ಕ ಕರಾರಿನ ವಿವರವೆಲ್ಲ ತಿಳಿದೂ ಮುಂಗಡ ಹಣವನ್ನು ಪಡೆದು ಖರ್ಚು ಮಾಡಿದರೆ, ನಡವಳಿಕೆಯಿಂದಲೇ ಅನುಮೋದಿಸಿದಳು ಎಂದಾಗಬಹುದು. ಎರಡು ಮಿತಿಗಳು ಇಲ್ಲಿವೆ. ಮುಖ್ಯ ಸಂಗತಿಗಳು ತಿಳಿಯದೆ ಕೊಟ್ಟ ಅನುಮೋದನೆ ಅಸಿಂಧು (ಕಲಂ 198). ಲಾಭದ ಭಾಗವನ್ನು ಒಪ್ಪಿ ಉಳಿದದ್ದನ್ನು ತಳ್ಳಿಹಾಕುವಂತೆಯೂ ಇಲ್ಲ, ಒಂದು ಭಾಗವನ್ನು ಒಪ್ಪಿದರೆ ಇಡೀ ವ್ಯವಹಾರವನ್ನೇ ಒಪ್ಪಿದಂತೆ (ಕಲಂ 199). ಅಲ್ಲದೆ ಏಜೆಂಟ್ ಯಜಮಾನನ ಪರವಾಗಿಯೇ ಮಾಡಿರಬೇಕು. ಬ್ರಿಟನ್ನಿನ ಕೀಲೀ ಮ್ಯಾಕ್ಸ್‌ಟೆಡ್ ಪ್ರಕರಣದಲ್ಲಿ (1901) ಏಜೆಂಟ್ ಮಿತಿಗಿಂತ ಹೆಚ್ಚು ಬೆಲೆಗೆ ಗೋಧಿಯನ್ನು ತನ್ನ ಹೆಸರಿನಲ್ಲಿ ಕೊಂಡಿದ್ದರಿಂದ, ಅದನ್ನು ಬೇರೆಯವರು ಆಮೇಲೆ ಅನುಮೋದಿಸುವುದು ಸಾಧ್ಯವಿಲ್ಲ ಎಂದಾಯಿತು.

ಯಜಮಾನ ಬದ್ಧನಾಗದಿದ್ದರೆ

ಯಜಮಾನ ನಿರಾಕರಿಸಿದ ಮೇಲೆ ಮುಂಗಡ ಕೊಟ್ಟವನು ಬರಿಗೈಲಿ ಹೋಗಬೇಕಿಲ್ಲ. ಇಲ್ಲದ ಅಧಿಕಾರವನ್ನು ಇದೆ ಎಂದು ನಂಬಿಸಿ ವ್ಯವಹಾರ ಮಾಡಿದವನು, ಅದರಿಂದಾದ ನಷ್ಟಕ್ಕೆ ಪರಿಹಾರ ಕೊಡಬೇಕು ಎನ್ನುತ್ತದೆ ಕಲಂ 235. ಕುಣಿಗಲ್‌ನ ಕೊಳ್ಳುವವನು ದಾವೆ ಹೂಡಬೇಕಾದದ್ದು ತಮ್ಮನ ಮೇಲೆ. ಆದರೆ ಅವನಿಗೆ ಸಿಗುವುದು ಹಣ, ತೋಟವಲ್ಲ. ಮಿತಿಯನ್ನು ತೋರಿಸುವ ಪತ್ರವನ್ನು ಓದಿಯೂ ಹಣ ಕೊಟ್ಟಿದ್ದರೆ, ನಂಬಿ ಮೋಸಹೋದೆ ಎಂಬ ವಾದವೂ ಅಷ್ಟೇ ಸಡಿಲವಾಗುತ್ತದೆ.